ಒಂಬತ್ತು ವರ್ಷದ ನೈಟ್ ಡ್ಯೂಟಿ, ಮಧ್ಯಾಹ್ನ ಮೂರರ ಮೋಷನ್

ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ ಮೋಷನ್ ಆಗುವ ಹಾಗೆ ಹೊಟ್ಟೆಯನ್ನು ಪಳಗಿಸುತ್ತೇನೆ ಎಂದು ಹೇಳಿದಾಗ ನಮ್ಮ ಶಿಫ್ಟಿನಲ್ಲಿ ಒಬ್ಬರೂ ನಂಬಲಿಲ್ಲ. "ಬೆಳಿಗ್ಗೆ ಆಗಬೇಕಾದ್ದು ಬೆಳಿಗ್ಗೇನೇ ಆಗಬೇಕಣ್ಣ, ಮಧ್ಯಾಹ್ನ ಹೋಗಿ ಕೂತರೆ ಏನು ಬರುತ್ತೆ?" ಅಂತ ಒಬ್ಬ ಕೇಳಿದ. ನನಗಿಂತ ಸೀನಿಯರ್ ಒಬ್ಬರು, "ನೈಟು ಮಾಡುವವನಿಗೆ ಹೊಟ್ಟೆ ಕಟ್ಟೋದು ಸಂಬಳದ ಜೊತೆಗೇ ಬರೋದು, ವಾರಕ್ಕೊಂದು ಭೇದಿ ಮಾತ್ರೆ ನುಂಗಿ ಸುಮ್ಮನಿರು" ಎಂದರು. ಇವತ್ತಿಗೆ ಹದಿನಾಲ್ಕು ತಿಂಗಳಾಯಿತು. ವಾರದ ಏಳು ದಿನದಲ್ಲಿ ಆರು ದಿನ, ಊಟವಾದ ಅರ್ಧ ಗಂಟೆಯ ಆಸುಪಾಸಿನಲ್ಲಿ ತಿಣುಕದೆ ಆಗುತ್ತಿದೆ. ಕಳೆದ ಹನ್ನೊಂದು ತಿಂಗಳಲ್ಲಿ ಒಂದೇ ಒಂದು ಭೇದಿ ಮಾತ್ರೆ ಮುಟ್ಟಿಲ್ಲ. ಆಗ ಬೇಡವೆಂದ ಸೀನಿಯರ್ ಈಗ ನನ್ನ ನೋಟ್‌ಬುಕ್ ಇಸಿದುಕೊಂಡು ಹೋಗಿ ನೋಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಕಾಯಂ ನೈಟ್. ರಾತ್ರಿ ಹತ್ತರಿಂದ ಬೆಳಿಗ್ಗೆ ಆರು, ಐದು ರಾತ್ರಿ ಕೆಲಸ, ಎರಡು ದಿನ ಆಫ್. ಕಂಟ್ರೋಲ್ ರೂಮಿನಲ್ಲಿ ಪ್ಯಾನೆಲ್ ಮುಂದೆ ಕೂರುವ ಕೆಲಸ. ಬೇಕೆಂದಾಗ ಎದ್ದು ಹೋಗುವ ಹಾಗಿಲ್ಲ, ರಿಲೀವರ್ ಬಂದು ಕೂತ ಮೇಲೇ ಏಳಬೇಕು. ಎರಡನೆಯ ವರ್ಷಕ್ಕೆ ತೊಂದರೆ ಶುರುವಾಯಿತು. ಮೊದಲು ಎರಡು ದಿನಕ್ಕೊಮ್ಮೆ, ಆಮೇಲೆ ಮೂರು ದಿನಕ್ಕೊಮ್ಮೆ, ಕೊನೆಗೆ ನಾಲ್ಕನೆಯ ದಿನ ಕಲ್ಲಿನಂಥ ಗುಂಡುಗಳು. ಒಂದು ಸಲ ಗುದದಲ್ಲಿ ಬಿರುಕು ಬಿಟ್ಟು ಹದಿನೈದು ದಿನ ಕುರ್ಚಿಯಲ್ಲಿ ಓರೆಯಾಗಿ ಕೂತು ಡ್ಯೂಟಿ ಮಾಡಿದ್ದೇನೆ. ಆ ನೋವು ಗೊತ್ತಿದ್ದವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಮೊದಲು ದುಡ್ಡು ಕಳೆದ ಕಥೆ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮಲ್ಲಿ ಬಹಳ ಜನ ಈಗ ಅದೇ ದಾರಿಯಲ್ಲಿ ಇದ್ದೀರಿ. ಮೂರು ವರ್ಷದಲ್ಲಿ ಪುಡಿ, ಸಿರಪ್, ಕ್ಯಾಪ್ಸೂಲ್ ಎಂದು ನಾನು ಸುರಿದದ್ದು ಒಟ್ಟು ಒಂದೂವರೆ ತಿಂಗಳ ಸಂಬಳದಷ್ಟು ಇರಬೇಕು. ಅದರಲ್ಲಿ ಅರ್ಧ ಪ್ರೊಬಯಾಟಿಕ್ ಕ್ಯಾಪ್ಸೂಲ್‌ಗಳಿಗೇ ಹೋಯಿತು. ನಾಲ್ಕು ತಿಂಗಳು ಬಿಡದೆ ನುಂಗಿದೆ. ಗ್ಯಾಸ್ ಸ್ವಲ್ಪ ಕಡಿಮೆಯಾದಂತೆ ಅನ್ನಿಸಿತು, ಮೋಷನ್ ಮಾತ್ರ ಇದ್ದ ಹಾಗೇ ಇತ್ತು. ಬೇರೆಯವರಿಗೆ ಕೆಲಸ ಮಾಡಬಹುದು, ನನಗೆ ಮಾಡಲಿಲ್ಲ.

ಇಸಬ್ಗೋಲನ್ನು ನಾನೇ ಹಾಳು ಮಾಡಿಕೊಂಡೆ. ರಾತ್ರಿ ಎರಡು ಗಂಟೆಗೆ, ಪ್ಯಾನೆಲ್ ಮುಂದೆ ಕೂತು, ಮೊದಲ ದಿನವೇ ಎರಡು ದೊಡ್ಡ ಚಮಚ. ಕುಡಿದ ನೀರು ಅರ್ಧ ಲೋಟ. ಹೊಟ್ಟು ನೀರನ್ನು ಹೀರಿ ಉಬ್ಬುತ್ತದೆ, ಆ ಉಬ್ಬಿದ್ದನ್ನು ಮುಂದಕ್ಕೆ ತಳ್ಳಬೇಕಾದ ಕರುಳು ಆ ಹೊತ್ತಿನಲ್ಲಿ ಮಲಗಿರುತ್ತದೆ. ಬೆಳಿಗ್ಗೆ ಮನೆಗೆ ಬರುವಷ್ಟರಲ್ಲಿ ಹೊಟ್ಟೆ ತಮಟೆಯಂತಾಗಿತ್ತು, ಮಲಗಲು ಆಗಲಿಲ್ಲ. ಇದು ಕೆಲಸಕ್ಕೆ ಬಾರದ್ದು ಎಂದು ಒಂದು ವರ್ಷ ಡಬ್ಬಿಯನ್ನೇ ಮುಟ್ಟಲಿಲ್ಲ. ತಪ್ಪು ಇದ್ದದ್ದು ಹೊತ್ತಿನಲ್ಲಿ, ಅಳತೆಯಲ್ಲಿ, ನೀರಿನಲ್ಲಿ.

ಸೋನಾಮುಖಿ ಮಾತ್ರೆಯದು ಇನ್ನೊಂದು ಪಾಠ. ಅದು ನುಂಗಿದ ಮೇಲೆ ಆರರಿಂದ ಹನ್ನೆರಡು ಗಂಟೆ ಬಿಟ್ಟು ಕೆಲಸ ಮಾಡುತ್ತದೆ. ಹಗಲು ಕೆಲಸದವರು ರಾತ್ರಿ ಮಲಗುವಾಗ ತೆಗೆದುಕೊಂಡರೆ ಬೆಳಿಗ್ಗೆ ಎದ್ದಾಗ ಆಗುತ್ತದೆ, ಲೆಕ್ಕ ಸರಿ. ನಾನು ಡ್ಯೂಟಿಗೆ ಹೊರಡುವ ಮುಂಚೆ ಎಂಟು ಗಂಟೆಗೆ ನುಂಗಿದೆ. ಬೆಳಗಿನ ಜಾವ ಮೂರಕ್ಕೆ ಹೊಟ್ಟೆ ಹಿಂಡಲು ಶುರುವಾಯಿತು. ರಿಲೀವರ್ ಬೇರೆ ಸೆಕ್ಷನ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಇಪ್ಪತ್ತೈದು ನಿಮಿಷ ಹಲ್ಲು ಕಚ್ಚಿ ಕೂತಿದ್ದೆ, ಮೈ ಪೂರ್ತಿ ತಣ್ಣನೆ ಬೆವರು. ಮುಂದಿನ ಸಲ ಬೆಳಿಗ್ಗೆ ಏಳಕ್ಕೆ ತೆಗೆದುಕೊಂಡರೆ ನಿದ್ದೆಯ ನಡುವೆ ಎಬ್ಬಿಸಿತು. ಅದಾದ ಮೇಲೆ ಎರಡು ದಿನ ಏನೂ ಇಲ್ಲ, ಏಕೆಂದರೆ ಕರುಳು ಪೂರ್ತಿ ಖಾಲಿಯಾಗಿರುತ್ತದೆ. ನಾನು ಅದನ್ನೂ ಮಲಬದ್ಧತೆ ಎಂದುಕೊಂಡು ಮತ್ತೆ ಮಾತ್ರೆ ನುಂಗುತ್ತಿದ್ದೆ. ಹೀಗೆ ಒಂದರಿಂದ ಎರಡು, ಎರಡರಿಂದ ಮೂರು. ಇದೊಂದು ಸುಳಿ. ಖಾಲಿ ಕರುಳು ತುಂಬಲು ಎರಡು ದಿನ ಬೇಕು ಎಂಬ ಒಂದು ಮಾತನ್ನು ಯಾರಾದರೂ ಹೇಳಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಇನ್ನೊಂದು ತಪ್ಪು ಕಣ್ಣಿಗೆ ಬೀಳಲಿಲ್ಲ, ಬಹಳ ದಿನ. ಹಗಲು ನಿದ್ದೆ ಬರಲಿ ಎಂದು ನೆಗಡಿ-ಅಲರ್ಜಿಯ, ಮಂಪರು ಬರಿಸುವ ಹಳೆಯ ಕಾಲದ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಅದು ಬಾಯಿ ಒಣಗಿಸುವುದು ಎಲ್ಲರಿಗೂ ಗೊತ್ತಾಗುತ್ತದೆ, ಕರುಳಿನ ಚಲನೆಯನ್ನೂ ಅದೇ ರೀತಿ ಮಂದ ಮಾಡುತ್ತದೆ ಎಂಬುದು ಗೊತ್ತಾಗುವುದಿಲ್ಲ. ಮೆಡಿಕಲ್ ಸ್ಟೋರಿನವನು ಮಾತಿನ ಮಧ್ಯೆ ಹೇಳಿದ ಮೇಲೆ ಬಿಟ್ಟೆ. ನಿಮ್ಮಲ್ಲಿ ಯಾರಾದರೂ ಅಂಥದ್ದನ್ನು ನುಂಗಿ ಮಲಗುತ್ತಿದ್ದರೆ ಮೊದಲು ಅದನ್ನು ನೋಡಿಕೊಳ್ಳಿ. ಕಬ್ಬಿಣದ ಮಾತ್ರೆ, ಕೊಡೀನ್ ಇರುವ ನೋವಿನ ಮಾತ್ರೆ, ಕ್ಯಾಲ್ಸಿಯಂ ಇರುವ ಆಸಿಡಿಟಿ ಮಾತ್ರೆ ಇವೂ ಅದೇ ಸಾಲಿನವು. ಡಾಕ್ಟರ್ ಬರೆದುಕೊಟ್ಟದ್ದನ್ನು ನೀವೇ ನಿಲ್ಲಿಸಬೇಡಿ, ಹೋಗಿ ಕೇಳಿ.

ನೀರಿನ ಹುಚ್ಚೂ ಹಿಡಿದಿತ್ತು. ದಿನಕ್ಕೆ ನಾಲ್ಕು ಲೀಟರ್ ಕುಡಿದೆ. ಹಗಲು ನಿದ್ದೆಯಲ್ಲಿ ಮೂರು ಸಲ ಮೂತ್ರಕ್ಕೆ ಎದ್ದದ್ದೇ ಬಂತು. ಮೈಗೆ ಬೇಕಾದಷ್ಟು ನೀರು ಇದ್ದ ಮೇಲೆ ಹೆಚ್ಚಿಗೆ ಕುಡಿದದ್ದು ಮೂತ್ರವಾಗಿ ಹೋಗುತ್ತದೆಯೇ ಹೊರತು ಮಲವನ್ನು ಮೆತ್ತಗೆ ಮಾಡುವುದಿಲ್ಲ. ಹಾಗೆಂದು ಟಾಯ್ಲೆಟ್‌ಗೆ ಹೋಗಬೇಕಾಗುತ್ತದೆಂದು ರಾತ್ರಿ ಪೂರ್ತಿ ನೀರು ಮುಟ್ಟದವರೂ ನಮ್ಮಲ್ಲಿ ಇದ್ದಾರೆ. ಅದು ಇನ್ನೂ ಕೆಟ್ಟದ್ದು.

ತಿರುವು ಸಿಕ್ಕಿದ್ದು ನೋಟ್‌ಬುಕ್ಕಿನಿಂದ. ಪ್ಯಾನೆಲ್ಲಿನಲ್ಲಿ ಗಂಟೆಗೊಮ್ಮೆ ರೀಡಿಂಗ್ ಬರೆಯುವವನು ನಾನು, ನನ್ನ ಹೊಟ್ಟೆಯ ರೀಡಿಂಗನ್ನು ಯಾಕೆ ಬರೆಯಬಾರದು ಎಂದು ಒಂದು ದಿನ ಹೊಳೆಯಿತು. ಐದು ಕಾಲಂ ಎಳೆದೆ: ಎದ್ದ ಹೊತ್ತು, ತಿಂದ ಹೊತ್ತು, ಮೋಷನ್ನಿಗೆ ಹೋಗಬೇಕೆಂಬ ಒತ್ತಡ ಬಂದ ಹೊತ್ತು, ಹೋಗಿ ಕೂತ ಹೊತ್ತು, ಆದದ್ದರ ನಂಬರ್. ನಂಬರ್ ಎಂದರೆ ಬ್ರಿಸ್ಟಲ್ ಪಟ್ಟಿಯದು. ಬಿಡಿ ಬಿಡಿ ಗಟ್ಟಿ ಗುಂಡು ಒಂದು, ನೀರಿನಂಥದ್ದು ಏಳು, ನಡುವಿನ ಮೂರು-ನಾಲ್ಕು ಸರಿಯಾದದ್ದು. ಮೂರು ವಾರ ಒಂದೂ ತಪ್ಪಿಸದೆ ಬರೆದೆ. ಒತ್ತಡ ಬಂದದ್ದನ್ನೂ ಹೋದದ್ದನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದದ್ದೇ ಇದರ ಜೀವಾಳ.

ಮೂರು ವಾರ ಮುಗಿದ ಮೇಲೆ ಕೂತು ಎಣಿಸಿದೆ. ಒತ್ತಡ ಬಂದದ್ದು ಸುಮಾರು ಇಪ್ಪತ್ತು ಸಲ. ನಾನು ಹೋದದ್ದು ಏಳು ಸಲ. ನನಗೆ ಒತ್ತಡವೇ ಬರುವುದಿಲ್ಲ ಎಂದು ವರ್ಷಗಟ್ಟಲೆ ಡಾಕ್ಟರ್‌ಗೆ ಹೇಳಿಕೊಂಡು ಬಂದಿದ್ದೆ. ಬರುತ್ತಿತ್ತು. ಇಪ್ಪತ್ತರಲ್ಲಿ ಹನ್ನೆರಡು ಸಲ, ಮಧ್ಯಾಹ್ನ ಎಚ್ಚರವಾದ ಒಂದು ಗಂಟೆಯ ಒಳಗೆ ಬಂದಿತ್ತು. ಆಗ ನಾನು ಏನು ಮಾಡುತ್ತಿದ್ದೆ? ಇನ್ನು ಇಪ್ಪತ್ತು ನಿಮಿಷ ಮಲಗೋಣ ಎಂದು ಮಗ್ಗುಲು ಬದಲಿಸುತ್ತಿದ್ದೆ. ಉಳಿದ ಕೆಲವು ರಾತ್ರಿ ಡ್ಯೂಟಿಗೆ ಮುಂಚಿನ ಊಟದ ಹಿಂದೆಯೇ, ಬಸ್ಸಿಗೆ ಹೊತ್ತಾಯಿತೆಂಬ ಗಡಿಬಿಡಿಯಲ್ಲಿ. ನಾನು ಹಟ ಹಿಡಿದು ದಿನಾ ಕೂರುತ್ತಿದ್ದ ಹೊತ್ತು, ಅಂದರೆ ಬೆಳಿಗ್ಗೆ ಏಳೂವರೆ, ಆಗ ಬಂದದ್ದು ಮೂರು ವಾರದಲ್ಲಿ ಒಂದೇ ಸಲ.

ಅದರ ಕಾರಣ ನಿಮಗೆಲ್ಲ ಗೊತ್ತಿರುವುದೇ, ಚುಟುಕಾಗಿ ಹೇಳುತ್ತೇನೆ. ದೊಡ್ಡ ಕರುಳು ನಾವು ನಿದ್ದೆಯಲ್ಲಿರುವಾಗ ಹೆಚ್ಚೂ ಕಡಿಮೆ ಸುಮ್ಮನಿರುತ್ತದೆ. ಎಚ್ಚರವಾದಾಗ ಅದೂ ಏಳುತ್ತದೆ. ಹೊಟ್ಟೆಗೆ ಊಟ ಬಿದ್ದಾಗ ಇನ್ನೊಮ್ಮೆ ಚುರುಕಾಗುತ್ತದೆ. ಮಲವನ್ನು ಉದ್ದಕ್ಕೆ ತಳ್ಳುವ ದೊಡ್ಡ ಅಲೆಗಳು ದಿನಕ್ಕೆ ಕೆಲವೇ ಕೆಲವು ಸಲ ಬರುತ್ತವೆ, ಬಹುಪಾಲು ಈ ಎರಡು ಹೊತ್ತಿನಲ್ಲೇ. ಹಗಲು ಕೆಲಸದವರಿಗೆ ಎಚ್ಚರ, ಬೆಳಕು, ತಿಂಡಿ ಮೂರೂ ಬೆಳಿಗ್ಗೆ ಒಟ್ಟಿಗೆ ಬರುವುದರಿಂದ ಬೆಳಿಗ್ಗೆ ಆಗುತ್ತದೆ. ನಾವು ಬೆಳಿಗ್ಗೆ ಏಳಕ್ಕೆ ಹೋಗಿ ಕೂರುವುದು ಅವರು ರಾತ್ರಿ ಮಲಗುವ ಮುಂಚೆ ಹೋಗಿ ಕೂತ ಹಾಗೆ. ಬಂದ ಒತ್ತಡವನ್ನು ತಡೆದರೆ ಅಲೆ ಹಿಂದಕ್ಕೆ ಸರಿಯುತ್ತದೆ, ನಿಂತ ಮಲದಿಂದ ಕರುಳು ನೀರು ಹೀರುತ್ತಲೇ ಇರುತ್ತದೆ, ಮುಂದಿನ ಅಲೆ ಬರುವಷ್ಟರಲ್ಲಿ ಅದು ಗಟ್ಟಿಯಾಗಿರುತ್ತದೆ. ಹೀಗೆ ತಡೆಯುತ್ತಲೇ ಹೋದರೆ ಒತ್ತಡದ ಸುಳಿವೂ ಮಂಕಾಗುತ್ತದೆ.

ಹಾಗಾಗಿ ನಾನು ಮಾಡಿದ್ದು ಒಂದೇ. ಎಚ್ಚರ, ಬೆಳಕು, ದೊಡ್ಡ ಊಟ, ಟಾಯ್ಲೆಟ್ ನಾಲ್ಕನ್ನೂ ಮಧ್ಯಾಹ್ನ ಒಂದೇ ಕಡೆ ತಂದು ಕಟ್ಟಿದೆ, ಆಮೇಲೆ ಏನೇ ಬಂದರೂ ಆ ಗಂಟು ಬಿಚ್ಚಲು ಬಿಡಲಿಲ್ಲ.

ಬೆಳಿಗ್ಗೆ ಏಳಕ್ಕೆ ಮನೆ. ಬರುವಾಗ ಕಪ್ಪು ಕನ್ನಡಕ, ಬಿಸಿಲು ಕಣ್ಣಿಗೆ ಬಿದ್ದರೆ ನಿದ್ದೆ ಕೆಡುತ್ತದೆ. ಹಸಿವು ಎಬ್ಬಿಸದಿರಲಿ ಎಂದು ಒಂದು ಹಿಡಿಯಷ್ಟು ಏನಾದರೂ ಹಗುರವಾದದ್ದು. ಮುಂಚೆ ಈ ಹೊತ್ತಿನಲ್ಲಿ ಹೊಟ್ಟೆ ಬಿರಿಯ ತಿಂದು ಮಲಗುತ್ತಿದ್ದೆ, ಅದನ್ನು ಪೂರ್ತಿ ನಿಲ್ಲಿಸಿದೆ. ಎಂಟಕ್ಕೆ ಮಲಗಿದರೆ ಎರಡಕ್ಕೆ ಅಲಾರಂ. ಅಲಾರಂ ಹೊಡೆದ ಕೂಡಲೇ ಏಳುವುದು, ಮಗ್ಗುಲು ಬದಲಿಸುವ ಮಾತೇ ಇಲ್ಲ. ಪರದೆ ಸರಿಸಿ ಐದು ನಿಮಿಷ ಕಿಟಕಿಯ ಬೆಳಕಿನಲ್ಲಿ ನಿಂತು ಬಿಸಿಯಾಗಿ ಏನಾದರೂ ಕುಡಿಯುತ್ತೇನೆ. ಎರಡೂವರೆಗೆ ಊಟ, ದಿನದ ಎಲ್ಲಕ್ಕಿಂತ ದೊಡ್ಡ ಊಟ ಇದೇ. ಇದರಲ್ಲಿ ಜಿಪುಣತನ ಮಾಡಬೇಡಿ. ಒಂದು ಬಿಸ್ಕೆಟಿಗೆ ಕರುಳು ಏಳುವುದಿಲ್ಲ, ಪ್ರಮಾಣ ಬೇಕು, ಸ್ವಲ್ಪ ಕೊಬ್ಬಿನಂಶ ಬೇಕು. ಕಾಳು, ತರಕಾರಿ, ಹಣ್ಣು ಇವುಗಳ ಮುಖ್ಯ ಪಾಲೂ ಇದೇ ಊಟದಲ್ಲಿ. ಊಟವಾದ ಮೇಲೆ ಹತ್ತು ನಿಮಿಷ ಮನೆಯಲ್ಲೇ ಓಡಾಟ. ಮೂರು ಗಂಟೆಗೆ, ಒತ್ತಡ ಬರಲಿ ಬಿಡಲಿ, ಹೋಗಿ ಕೂರುವುದು.

ಕೂರುವುದರಲ್ಲೂ ಒಂದು ಕ್ರಮ ಇದೆ. ಕಮೋಡ್ ಆದರೆ ಕಾಲ ಕೆಳಗೆ ಒಂದು ಗೇಣು ಎತ್ತರದ ಮಣೆ, ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬೇಕು, ಮೈ ಸ್ವಲ್ಪ ಮುಂದಕ್ಕೆ ಬಾಗಿರಬೇಕು. ಹಾಗೆ ಕೂತರೆ ಗುದದ ಹತ್ತಿರದ ಬಾಗು ನೆಟ್ಟಗಾಗಿ ದಾರಿ ಬಿಡುತ್ತದೆ. ಕುಕ್ಕರುಗಾಲಲ್ಲಿ ಕೂರುವವರಿಗೆ ಇದು ತಾನಾಗಿಯೇ ಆಗುತ್ತದೆ. ಫೋನ್ ಹೊರಗೆ. ಎಂಟು ನಿಮಿಷ, ಹೆಚ್ಚೆಂದರೆ ಹತ್ತು. ಆಗದಿದ್ದರೆ ಎದ್ದು ಬರುವುದು, ತಿಣುಕುವುದು ಖಂಡಿತ ಬೇಡ. ಎರಡನೆಯ ಅವಕಾಶ ರಾತ್ರಿ ಎಂಟರ ಊಟದ ಹಿಂದೆ ಇದೆ. ಕೊನೆಯ ಎರಡು ನಿಮಿಷದಲ್ಲಿ ಹೊಟ್ಟೆಯ ಮೇಲೆ ಕೈಯಿಂದ ನಾನು ಮಾಡುವ ಒಂದು ಕೆಲಸ ಇದೆ. ಅದನ್ನು ಬರೆದು ತಿಳಿಸಲು ಹೋದರೆ ತಪ್ಪು ಒತ್ತಿಕೊಳ್ಳುತ್ತೀರಿ, ಎದುರಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಇಸಬ್ಗೋಲ್ ಡಬ್ಬಿ ಮತ್ತೆ ಹೊರಗೆ ಬಂತು. ಈ ಸಲ ಮಧ್ಯಾಹ್ನದ ಊಟದ ಜೊತೆಗೆ, ಮೊದಲ ವಾರ ಒಂದು ಟೀ ಚಮಚ, ಎರಡನೆಯ ವಾರದಿಂದ ಎರಡು. ದೊಡ್ಡ ಲೋಟ ನೀರಿನಲ್ಲಿ ಕಲಸಿ ತಕ್ಷಣ ಕುಡಿದು, ಹಿಂದೆಯೇ ಇನ್ನೊಂದು ಲೋಟ ಬರಿ ನೀರು. ಬೇರೆ ಯಾವುದಾದರೂ ಮಾತ್ರೆ ಇದ್ದರೆ ಎರಡು ಗಂಟೆ ಅಂತರ ಇಡಬೇಕು, ಇಲ್ಲವಾದರೆ ಈ ಹೊಟ್ಟು ಅದನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮಲಗುವ ಮುಂಚೆ ಅಂತೂ ಬೇಡವೇ ಬೇಡ. ಅದೇ ಹೊಟ್ಟು, ಅದೇ ಕರುಳು, ಹೊತ್ತು ಬದಲಾದದ್ದಕ್ಕೆ ಉಬ್ಬರ ಎಂಬುದೇ ಇಲ್ಲ.

ರಾತ್ರಿಯ ಊಟ ಬದಲಿಸಿದ್ದು ಎಲ್ಲಕ್ಕಿಂತ ಕಷ್ಟವಾಯಿತು. ಎರಡು ಗಂಟೆಯ ಬ್ರೇಕಿನಲ್ಲಿ ಕ್ಯಾಂಟೀನ್ ಊಟ ಪುಕ್ಕಟೆ, ಬಿಸಿ ಬಿಸಿ, ಎಲ್ಲರ ಜೊತೆ. ವರ್ಷಗಟ್ಟಲೆ ತಟ್ಟೆ ತುಂಬ ತಿಂದಿದ್ದೇನೆ. ರಾತ್ರಿ ಹೊತ್ತು ಹೊಟ್ಟೆಯಿಂದ ಊಟ ಕೆಳಗೆ ಇಳಿಯುವುದೇ ನಿಧಾನ. ಆ ಊಟ ಬೆಳಗಿನವರೆಗೆ ಎದೆಯ ಹತ್ತಿರವೇ ಕೂತಿರುತ್ತಿತ್ತು, ಮಧ್ಯಾಹ್ನ ಎದ್ದಾಗ ಹಸಿವಿರುತ್ತಿರಲಿಲ್ಲ. ಹಸಿವಿಲ್ಲದಿದ್ದರೆ ಎರಡೂವರೆಯ ದೊಡ್ಡ ಊಟ ಎಲ್ಲಿಂದ ಬರಬೇಕು? ಗಂಟು ಅಲ್ಲೇ ಬಿಚ್ಚಿಕೊಳ್ಳುತ್ತಿತ್ತು. ಈಗ ರಾತ್ರಿ ಎಂಟಕ್ಕೆ ಸಾಧಾರಣ ಊಟ, ಹನ್ನೆರಡೂವರೆಗೆ ಚಿಕ್ಕದೊಂದು ಡಬ್ಬಿ, ಒಂದರಿಂದ ಐದರವರೆಗೆ ನೀರು ಮಾತ್ರ. ಆ ಡಬ್ಬಿಯಲ್ಲಿ ಏನಿದೆ ಎಂದು ಎಲ್ಲರೂ ಕೇಳುತ್ತಾರೆ, ಏಕೆಂದರೆ ಬೆಳಿಗ್ಗೆ ಆರರವರೆಗೆ ನನಗೆ ಹಸಿವಾಗುವುದಿಲ್ಲ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಬ್ರೇಕಿನಲ್ಲಿ ಮಾತ್ರ ಮೊದಲಿನಂತೆ ಎಲ್ಲರ ಜೊತೆಗೇ ಕೂರುತ್ತೇನೆ, ಕೈಯಲ್ಲಿ ನೀರಿನ ಬಾಟಲಿ. ಮೊದಲ ಹತ್ತು ರಾತ್ರಿ ಬಹಳ ಕಷ್ಟವಾಯಿತು.

ಮೊದಲ ಒಂಬತ್ತು ದಿನ ಮೂರು ಗಂಟೆಗೆ ಕೂತು ಬರಿಗೈಯಲ್ಲಿ ಎದ್ದು ಬಂದೆ. ಮಧ್ಯೆ ಆದದ್ದು ಎರಡೇ ಸಲ, ಎರಡೂ ರಾತ್ರಿ ಊಟದ ಹಿಂದೆ. ಐದನೆಯ ದಿನ ಭೇದಿ ಮಾತ್ರೆಯ ಡಬ್ಬಿ ಕೈಯಲ್ಲಿ ಹಿಡಿದಿದ್ದೆ, ಹೆಂಡತಿ ಇಸಿದುಕೊಂಡು ಬೀರುವಿನ ಮೇಲಿಟ್ಟಳು. ಹತ್ತನೆಯದೋ ಹನ್ನೊಂದನೆಯದೋ ದಿನ, ಎರಡು ಐವತ್ತಕ್ಕೆ, ತಟ್ಟೆ ತೊಳೆಯುತ್ತಾ ನಿಂತಿದ್ದಾಗ ಹೊಟ್ಟೆಯ ಎಡಗಡೆ ಕೆಳಗೆ ಏನೋ ಜಾರಿದಂತಾಯಿತು. ಸೋಪು ಕೈಯಲ್ಲೇ ಬಿಟ್ಟು ಹೋದೆ. ನಾಲ್ಕು ನಿಮಿಷ, ನಂಬರ್ ಮೂರು. ಆ ದಿನದ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ, ಈಗಲೂ ಇದೆ. ಮೂರನೆಯ ವಾರ ಏಳರಲ್ಲಿ ನಾಲ್ಕು ದಿನ, ಎರಡು ತಿಂಗಳ ಹೊತ್ತಿಗೆ ಆರು ದಿನ. ಬೀರುವಿನ ಮೇಲಿನ ಡಬ್ಬಿಯನ್ನು ಈ ನಡುವೆ ಎರಡು ಸಲ ಇಳಿಸಬೇಕಾಯಿತು, ಮೂರನೆಯ ತಿಂಗಳ ನಂತರ ಅದು ಬೇಕಾಗಲೇ ಇಲ್ಲ.

ಆಫ್ ದಿನ ಎಲ್ಲವನ್ನೂ ಕೆಡಿಸುತ್ತದೆ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲ ಆಫ್‌ನಲ್ಲಿ ನಾನು ಎಲ್ಲರಂತೆ ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಏಳಕ್ಕೆ ಎದ್ದೆ. ಹಾಯಾಗಿತ್ತು. ಆದರೆ ಮುಂದಿನ ವಾರದ ಮೂರನೆಯ ರಾತ್ರಿ ಮುಗಿಯುವವರೆಗೆ ಹೊಟ್ಟೆ ಮತ್ತೆ ಹಳಿಗೆ ಬರಲಿಲ್ಲ. ವಾರದಲ್ಲಿ ಐದು ದಿನ ಕಟ್ಟಿದ್ದನ್ನು ಎರಡು ದಿನದಲ್ಲಿ ಒಡೆದು, ಮೂರು ದಿನ ರಿಪೇರಿ ಮಾಡುವುದು. ಪೂರ್ತಿ ನೈಟ್ ಕ್ರಮದಲ್ಲೇ ಇರಲು ನೋಡಿದೆ, ಆಗ ಮನೆಯವರ ಜೊತೆ ಕೂತು ಊಟ ಮಾಡುವ ಹೊತ್ತೇ ಇಲ್ಲ, ಎರಡು ವಾರಕ್ಕೆ ಮನೆಯಲ್ಲಿ ಮುಖ ದಪ್ಪಗಾಯಿತು. ಕೊನೆಗೆ ನಡುವಿನ ದಾರಿ: ಆಫ್ ದಿನ ಬೆಳಗಿನ ಜಾವ ನಾಲ್ಕಕ್ಕೆ ಮಲಗಿ ಮಧ್ಯಾಹ್ನ ಹನ್ನೆರಡಕ್ಕೆ ಏಳುವುದು. ಕೆಲಸದ ದಿನದ ಎಂಟರಿಂದ ಎರಡು, ಆಫ್ ದಿನದ ನಾಲ್ಕರಿಂದ ಹನ್ನೆರಡು, ಎರಡರಲ್ಲೂ ಎಂಟರಿಂದ ಹನ್ನೆರಡರವರೆಗಿನ ನಾಲ್ಕು ಗಂಟೆ ಸಮಾನವಾಗಿ ಬರುತ್ತದೆ. ದಿನವೂ ಒಂದೇ ಹೊತ್ತಿಗೆ ನಾಲ್ಕು ಗಂಟೆ ನಿದ್ದೆ ಸಿಕ್ಕಿದರೆ ಮೈಯ ಗಡಿಯಾರ ದಿಕ್ಕು ತಪ್ಪುವುದಿಲ್ಲ ಎಂಬುದು ಶಿಫ್ಟ್ ನಿದ್ದೆಯ ಬಗ್ಗೆ ಅಧ್ಯಯನ ಮಾಡಿದವರು ಹಿಂದೆಯೇ ಕಂಡುಕೊಂಡ ವಿಷಯ, ನಿದ್ದೆಯ ಲಂಗರು ಇದ್ದ ಹಾಗೆ. ಆಫ್ ದಿನ ಹನ್ನೆರಡೂವರೆಗೆ ಊಟ, ಒಂದಕ್ಕೆ ಟಾಯ್ಲೆಟ್. ಎರಡು ಗಂಟೆ ಆಚೀಚೆಯಾಗುವುದನ್ನು ಕರುಳು ತಡೆದುಕೊಳ್ಳುತ್ತದೆ. ಏಳೆಂಟು ಗಂಟೆಯ ಜಿಗಿತವನ್ನು ತಡೆದುಕೊಳ್ಳುವುದಿಲ್ಲ. ಸಂಜೆ, ರಾತ್ರಿಯ ಊಟ ಎರಡೂ ಮನೆಯವರ ಜೊತೆಗೇ ಆಗುತ್ತದೆ.

ಡ್ಯೂಟಿಯಲ್ಲಿ ಒತ್ತಡ ಬಂದರೆ ಏನು ಎಂಬುದಕ್ಕೂ ವ್ಯವಸ್ಥೆ ಮಾಡಿಕೊಂಡೆ. ಹತ್ತು ನಿಮಿಷದ ಒಳಗೆ ಹೋಗಬೇಕು, ಅದಕ್ಕಿಂತ ತಡೆಯಬಾರದು. ಪಕ್ಕದ ಸೆಕ್ಷನ್ನಿನವನಿಗೂ ಇದೇ ಕಷ್ಟ ಇತ್ತು. ಇಬ್ಬರೂ ಒಂದು ಮಾತಿಗೆ ಬಂದೆವು, ವಾಕಿಟಾಕಿಯಲ್ಲಿ ಒಂದು ಶಬ್ದ ಹೇಳಿದರೆ ಕಾರಣ ಕೇಳದೆ ಬಂದು ಕೂರಬೇಕು. ತಿಂಗಳಿಗೆ ಎರಡು ಮೂರು ಸಲಕ್ಕಿಂತ ಹೆಚ್ಚು ಬೇಕಾಗಿಲ್ಲ, ಆದರೆ ಆ ಮಾತು ಇದೆ ಎಂಬ ಧೈರ್ಯಕ್ಕೇ ಅರ್ಧ ಬಿಗಿತ ಹೋಯಿತು.

ನಡುವೆ ಕೆಲವು ಪ್ರಯೋಗ ಮಾಡಿದೆ. ಜೋಳದ ಪರೀಕ್ಷೆ ಎಲ್ಲರೂ ಮಾಡಬಹುದು. ಒಂದು ವಾರ ಮೆಕ್ಕೆಜೋಳ ಮುಟ್ಟದೆ ಇದ್ದು, ಒಂದು ದಿನ ಮಧ್ಯಾಹ್ನದ ಊಟದಲ್ಲಿ ಒಂದು ಹಿಡಿ ಬೇಯಿಸಿದ ಕಾಳು, ಸರಿಯಾಗಿ ಅಗಿಯದೆ. ಸಿಪ್ಪೆ ಜೀರ್ಣವಾಗುವುದಿಲ್ಲ, ಹಾಗೇ ಹೊರಬರುತ್ತದೆ. ತಿಂದ ಹೊತ್ತಿನಿಂದ ಮೊದಲು ಕಂಡ ಹೊತ್ತಿನವರೆಗೆ ಎಷ್ಟು ಗಂಟೆ ಎಂದು ಲೆಕ್ಕ. ನೋಟ್‌ಬುಕ್ ಶುರು ಮಾಡಿದ ದಿನಗಳಲ್ಲಿ ನನಗೆ ಅರವತ್ತು ಗಂಟೆಯ ಮೇಲಾಗಿತ್ತು. ಮೂರು ತಿಂಗಳ ನಂತರ ಮೂವತ್ನಾಲ್ಕೋ ಮೂವತ್ತಾರೋ. ಒಂದು ಮದುವೆಗೆಂದು ವಾರವಿಡೀ ಹಗಲು ಓಡಾಡಿ ಮತ್ತೆ ನೈಟಿಗೆ ಬಂದಾಗ ಐವತ್ತಕ್ಕೆ ಏರಿತ್ತು. ಲ್ಯಾಬಿನ ಕರಾರುವಾಕ್ಕು ಇದರಲ್ಲಿ ಇಲ್ಲ, ಆದರೆ ನಮ್ಮದೇ ಹಿಂದಿನ ಲೆಕ್ಕಕ್ಕೆ ಹೋಲಿಸಿ ನೋಡಲು ಸಾಕು.

ಕಾಫಿಯ ಮೇಲೂ ಮೂರು ವಾರ ಹಾಕಿದೆ. ಎದ್ದ ಮೇಲೆ ಒಂದು ವಾರ ಬಿಸಿನೀರು, ಒಂದು ವಾರ ಕಾಫಿ, ಒಂದು ವಾರ ಕೆಫೀನ್ ತೆಗೆದ ಕಾಫಿ. ಬಿಸಿನೀರಿನಿಂದ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕಾಫಿ ಕುಡಿದ ವಾರ ಒತ್ತಡ ಹತ್ತು ಹದಿನೈದು ನಿಮಿಷ ಮುಂಚೆ ಬಂತು, ಕೆಫೀನ್ ಇಲ್ಲದ್ದೂ ಸ್ವಲ್ಪಮಟ್ಟಿಗೆ ಅದೇ ಕೆಲಸ ಮಾಡಿತು. ಎಲ್ಲರಿಗೂ ಕಾಫಿ ಹೀಗೆ ಹತ್ತುವುದಿಲ್ಲ, ನಮ್ಮ ಶಿಫ್ಟಿನಲ್ಲೇ ಇಬ್ಬರಿಗೆ ಏನೂ ಆಗಲಿಲ್ಲ. ಮುಖ್ಯ ವಿಷಯ ಬೇರೆ ಇತ್ತು: ನಾನು ಬೆಳಗಿನ ಜಾವ ನಾಲ್ಕಕ್ಕೆ ಕುಡಿಯುತ್ತಿದ್ದ ಕಾಫಿ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು, ಅಂದರೆ ಒಂಬತ್ತಕ್ಕೂ ಅರ್ಧ ಮೈಯಲ್ಲೇ ಇರುತ್ತಿತ್ತು. ರಾತ್ರಿ ಒಂದು ಗಂಟೆಯ ನಂತರ ಕಾಫಿ ಕುಡಿಯುವುದನ್ನು ಬಿಟ್ಟ ಮೇಲೆ ನಿದ್ದೆ ಗಟ್ಟಿಯಾಯಿತು. ಎಚ್ಚರ ನೆಟ್ಟಗಾದಾಗ ಮೋಷನ್ನೂ ನೆಟ್ಟಗಾಯಿತು.

ಈಗ ಇದು ಎಲ್ಲಿ ಕೆಲಸ ಮಾಡುವುದಿಲ್ಲ ಎಂಬುದು. ನನ್ನ ಪರಿಚಯದ ಒಬ್ಬ ನರ್ಸ್‌ಗೆ ಎರಡು ದಿನ ಬೆಳಿಗ್ಗೆ, ಎರಡು ದಿನ ಮಧ್ಯಾಹ್ನ, ಎರಡು ದಿನ ರಾತ್ರಿ ಸುತ್ತುತ್ತದೆ. ಅವರಿಗೆ ಗಡಿಯಾರದ ಹೊತ್ತು ಕಟ್ಟಲು ಸಾಧ್ಯವೇ ಇಲ್ಲ. ಆರು ವಾರ ನನ್ನ ಕ್ರಮವನ್ನೇ ಅನುಸರಿಸಿ ಸೋತರು. ಆಮೇಲೆ ನಾವು ಗಡಿಯಾರ ಬಿಟ್ಟು, ದೊಡ್ಡ ನಿದ್ದೆಯಿಂದ ಎದ್ದ ಕ್ಷಣವನ್ನು ಸೊನ್ನೆ ಎಂದು ಇಟ್ಟುಕೊಂಡೆವು. ಸೊನ್ನೆಯಿಂದ ಅರ್ಧ ಗಂಟೆಗೆ ಊಟ, ಒಂದು ಗಂಟೆಗೆ ಟಾಯ್ಲೆಟ್, ಅದು ಬೆಳಿಗ್ಗೆ ಐದಾಗಲಿ ಮಧ್ಯಾಹ್ನ ಎರಡಾಗಲಿ. ಜೊತೆಗೆ ನಡುರಾತ್ರಿಯ ಊಟ ಬಂದ್. ನನ್ನಷ್ಟು ಫಲ ಸಿಗಲಿಲ್ಲ, ವಾರಕ್ಕೆ ಎರಡು ಇದ್ದದ್ದು ನಾಲ್ಕಾಯಿತು, ನಂಬರ್ ಒಂದು ಇದ್ದದ್ದು ಮೂರಾಯಿತು. ಅಷ್ಟು ಬೇಗ ಸುತ್ತುವ ಶಿಫ್ಟಿನಲ್ಲಿ ಇದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ.

ಇನ್ನೊಬ್ಬ ಸಹೋದ್ಯೋಗಿ ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದ, ನೋಟ್‌ಬುಕ್ ನನ್ನದಕ್ಕಿಂತ ಚೊಕ್ಕ. ಎರಡು ತಿಂಗಳಾದರೂ ನಾಲ್ಕು ದಿನಕ್ಕೊಮ್ಮೆಯೇ. ಜೊತೆಗೆ ಸುಸ್ತು, ಎಲ್ಲರಿಗಿಂತ ಹೆಚ್ಚು ಚಳಿ, ತೂಕ ಏರುತ್ತಿತ್ತು. ನಾನೇ ಗದರಿ ಡಾಕ್ಟರ್ ಹತ್ತಿರ ಕಳಿಸಿದೆ. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಕಡಿಮೆ ಎಂದು ಬಂತು, ಮಾತ್ರೆ ಶುರುವಾದ ಮೇಲೆ ಇದೇ ಕ್ರಮ ಅವನಿಗೂ ಹಿಡಿಯಿತು. ಹಾಗಾಗಿ ಆರರಿಂದ ಎಂಟು ವಾರ ಸರಿಯಾಗಿ ಮಾಡಿಯೂ ಆಗದಿದ್ದರೆ ಶಿಫ್ಟನ್ನು ದೂರುತ್ತಾ ಕೂರಬೇಡಿ. ಮಲ ಮೆತ್ತಗಿದ್ದರೂ ಹೊರಬರಲು ತಿಣುಕಬೇಕಾಗಿದ್ದರೆ ಅದು ಗುದದ ಸ್ನಾಯು ಸಡಿಲವಾಗದ ತೊಂದರೆ ಇರಬಹುದು, ಅದಕ್ಕೆ ಬೇರೆ ತರಬೇತಿ ಇದೆ, ಇಸಬ್ಗೋಲ್ ಹೆಚ್ಚಿಸಿದರೆ ಪ್ರಯೋಜನವಿಲ್ಲ. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ನಲವತ್ತೈದು ದಾಟಿದ ಮೇಲೆ ಹೊಸದಾಗಿ ಬದಲಾದ ಅಭ್ಯಾಸ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದದ್ದು, ಇವುಗಳಲ್ಲಿ ಒಂದಿದ್ದರೂ ನೋಟ್‌ಬುಕ್ ಬರೆಯುತ್ತಾ ಕಾಯಬೇಡಿ, ಮೊದಲು ಡಾಕ್ಟರ್. ರಕ್ತ ಕಂಡಾಗ ಮೂಲವ್ಯಾಧಿ ಇರಬೇಕು ಎಂದುಕೊಂಡು ನಾನು ಒಂದು ತಿಂಗಳು ಸುಮ್ಮನಿದ್ದೆ. ಬಿರುಕು ಮಾತ್ರವಾಗಿತ್ತು ಎಂಬುದು ಪರೀಕ್ಷೆ ಮಾಡಿಸಿದ ಮೇಲೆ ಗೊತ್ತಾಯಿತು, ಆದರೆ ಆ ಒಂದು ತಿಂಗಳು ನಾನು ಕಾಯಬಾರದಿತ್ತು.

ಖರ್ಚಿನ ಲೆಕ್ಕ ಹೇಳಿ ಮುಗಿಸುತ್ತೇನೆ. ಈಗ ತಿಂಗಳಿಗೆ ಒಂದು ಡಬ್ಬಿ ಇಸಬ್ಗೋಲ್. ಕಾಲ ಕೆಳಗಿನ ಮಣೆ ಮನೆಯಲ್ಲೇ ಬಿದ್ದಿದ್ದ ಹಲಗೆಯಿಂದ ಮಾಡಿದ್ದು. ದಪ್ಪ ಪರದೆಗೆ ಒಂದೂವರೆ ದಿನದ ಕೂಲಿಯಷ್ಟು ಆಯಿತು, ಅದೇ ದೊಡ್ಡ ಖರ್ಚು. ಮುಂದಿನ ತಿಂಗಳಿಂದ ನಮಗೆ ಶಿಫ್ಟ್ ಬದಲಾಗುತ್ತದೆ ಎಂದಿದ್ದಾರೆ, ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಎಂಟು. ಅದಕ್ಕೆ ಈಗಿನಿಂದಲೇ ಅಲಾರಂ ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಮುಂದಕ್ಕೆ ಸರಿಸುತ್ತಿದ್ದೇನೆ, ಊಟ ಮತ್ತು ಟಾಯ್ಲೆಟ್ ಅದರ ಹಿಂದೆಯೇ. ನಿನ್ನೆ ಎದ್ದದ್ದು ಮೂರಕ್ಕೆ, ಊಟ ಮೂರೂವರೆ, ಒತ್ತಡ ಬಂದದ್ದು ನಾಲ್ಕಕ್ಕೆ ಐದು ನಿಮಿಷ ಇರುವಾಗ. ನಂಬರ್ ನಾಲ್ಕು.